ಟ್ರಸ್ಟ್ ಡೀಡ್ ಸಾರಾಂಶ: ಹೊಸ ಟ್ರಸ್ಟಿಯವರಿಗೆ

ನಮಸ್ಕಾರ ಮೇಡಂ. 22 ಪುಟದ ಡೀಡ್ ಓದುವ ಮೊದಲು ಇದನ್ನು ನೋಡಿ. ಮೂಲ ಪತ್ರದ ಮಾತೇ ಅಂತಿಮ.

ಉದ್ದೇಶ: ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿ ಮಕ್ಕಳಿಗೆ ಹಾಸ್ಟೆಲ್, ವಿದ್ಯಾರ್ಥಿವೇತನ. ಇದರಾಚೆ ಖರ್ಚು ಮಾಡುವಂತಿಲ್ಲ, ಕೆಲಸ ಎಷ್ಟೇ ಒಳ್ಳೆಯದಿರಲಿ.

ಅಧಿಕಾರ: ಟ್ರಸ್ಟಿಗಳು ಏಳು ಜನ, ಕೋರಂಗೆ ನಾಲ್ವರು. ನೌಕರರ ನೇಮಕ, ರಿಪೇರಿ, ಠೇವಣಿ ಎಲ್ಲ ಬಹುಮತದಿಂದ. ಹಾಸ್ಟೆಲ್ ಜಾಗ ಮಾರಲು ಅಥವಾ ಅಡ ಇಡಲು ಐವರ ಒಪ್ಪಿಗೆ ಜೊತೆಗೆ ಕೋರ್ಟ್ ಅನುಮತಿ ಬೇಕು.

ಲೆಕ್ಕ: ತಕರಾರು ಜಾಸ್ತಿ ಬರುವುದು ಇಲ್ಲೇ. ಪ್ರತಿ ದೇಣಿಗೆಗೂ ರಸೀದಿ, ಪ್ರತಿ ಚೆಕ್‌ಗೂ ಇಬ್ಬರ ಸಹಿ. ಟ್ರಸ್ಟ್ ಹಣ ಒಂದು ದಿನದ ಮಟ್ಟಿಗೂ ಸ್ವಂತ ಖಾತೆಗೆ ಹೋಗಬಾರದು. ಮಳೆಗಾಲದಲ್ಲಿ ಬ್ಯಾಂಕಿಗೆ ಹೋಗೋದು ಕಷ್ಟ ಅನ್ನುವ ನೆಪ ನಡೆಯುವುದಿಲ್ಲ. ಮಾರ್ಚ್ 31ಕ್ಕೆ ಲೆಕ್ಕ ಮುಚ್ಚಿ, ಆಡಿಟ್ ಮಾಡಿಸಿ, ವಾರ್ಷಿಕ ಸಭೆಯ ಮುಂದಿಡಬೇಕು. ಲೆಕ್ಕದ ಪುಸ್ತಕವನ್ನು ನೀವು ಯಾವಾಗ ಬೇಕಾದರೂ ಕೇಳಿ ನೋಡಬಹುದು. ಸುಮ್ನೆ ಸಹಿ ಹಾಕಬೇಡಿ.

ಟ್ರಸ್ಟಿಯನ್ನು ತೆಗೆದುಹಾಕುವುದು: ಕಾರಣ ತಿಳಿಸದೆ ಸತತ ಮೂರು ಸಭೆ ತಪ್ಪಿಸಿದರೆ, ದಿವಾಳಿಯಾದರೆ, ಅಪರಾಧ ಸಾಬೀತಾದರೆ, ಹಣ ದುರುಪಯೋಗವಾದರೆ, ಸ್ವಂತ ಲಾಭ ಮುಚ್ಚಿಟ್ಟು ಟ್ರಸ್ಟಿನೊಂದಿಗೆ ವ್ಯವಹಾರ ಮಾಡಿದರೆ. 15 ದಿನದ ನೋಟಿಸ್ ಕೊಟ್ಟು, ಅವರ ಮಾತು ಕೇಳಿ, ಐವರ ಮತದಿಂದ ಮಾತ್ರ. ಬರೀ ಭಿನ್ನಾಭಿಪ್ರಾಯ ಕಾರಣವಲ್ಲ.

ಇಂತಿ,
ಕಾರ್ಯದರ್ಶಿ