ಮನೆ ಹಂಚಿಕೊಂಡಿರುವ ನಮ್ಮ ಮೂವರ ಒಪ್ಪಂದ

ತಾರೀಖು: 1 ಜೂನ್ 2025, ಭಾನುವಾರ

ಅನಿತಾ, ಶಬಾನಾ, ಕಾವ್ಯ ಎಂಬ ನಾವು ಮೂವರು ಎರಡನೇ ಮಹಡಿಯ ಈ ಎರಡು ರೂಮಿನ ಮನೆಗೆ ಇವತ್ತು ಬಂದಿದ್ದೇವೆ. ಓನರ್ ಜೊತೆಗಿನ ಬಾಡಿಗೆ ಕರಾರು 11 ತಿಂಗಳದ್ದು, 30 ಏಪ್ರಿಲ್ 2026ಕ್ಕೆ ಮುಗಿಯುತ್ತದೆ. ಆ ಕರಾರಿನಲ್ಲಿ ಅನಿತಾಳ ಹೆಸರು ಮಾತ್ರ ಇದೆ. ಮೂರೂ ಹೆಸರು ಹಾಕಿ ಎಂದು ಕೇಳಿದೆವು, ಒಬ್ಬರದ್ದು ಸಾಕು ಎಂದರು. ಹಾಗಾಗಿ ಬಾಡಿಗೆ ನಿಂತರೆ ಓನರ್ ಹಿಡಿಯುವುದು ಅನಿತಾಳನ್ನು. ಇನ್ನೊಂದು ಕಡೆ, ಶಬಾನಾ ಮತ್ತು ಕಾವ್ಯ ಕೊಟ್ಟ ಅಡ್ವಾನ್ಸಿಗೆ ಓನರ್ ಹತ್ತಿರ ಅವರ ಹೆಸರಿನ ಯಾವ ದಾಖಲೆಯೂ ಇಲ್ಲ. ಈ ಎರಡು ತೊಂದರೆಗಾಗಿಯೇ ಈ ಕಾಗದ. ಬರೆದವಳು ಕಾವ್ಯ, ಓದಿ ತಿದ್ದಿದವರು ಮೂವರೂ.

1. ಬಾಡಿಗೆ

ತಿಂಗಳ ಬಾಡಿಗೆ 24,000 ರೂಪಾಯಿ. ದೊಡ್ಡ ರೂಮಿನಲ್ಲಿ ಅನಿತಾ ಮತ್ತು ಶಬಾನಾ ಇರುತ್ತಾರೆ, ತಲಾ 7,500. ಚಿಕ್ಕ ರೂಮು ಕಾವ್ಯಳಿಗೆ ಒಬ್ಬಳಿಗೇ, 9,000. ರೂಮು ಚಿಕ್ಕದು, ದುಡ್ಡು ಯಾಕೆ ಜಾಸ್ತಿ ಎಂಬ ಪ್ರಶ್ನೆ ಬಂತು. ಬಾಗಿಲು ಹಾಕಿಕೊಂಡರೆ ಒಬ್ಬಳೇ ಇರಬಹುದಲ್ವಾ, ಅದರ ಬೆಲೆ ಅದು. ಮಧ್ಯದಲ್ಲಿ ರೂಮು ಬದಲಾಯಿಸಿಕೊಂಡರೆ ಮುಂದಿನ ತಿಂಗಳ 1ರಿಂದ ಬಾಡಿಗೆಯೂ ರೂಮಿನ ಜೊತೆ ಬದಲಾಗುತ್ತದೆ.

ಪ್ರತಿ ತಿಂಗಳು 3ನೇ ತಾರೀಖಿನೊಳಗೆ ಇಬ್ಬರೂ ತಮ್ಮ ಪಾಲನ್ನು ಅನಿತಾಳ ಖಾತೆಗೆ ಹಾಕಬೇಕು. ನಗದು ಬೇಡ. ಹಾಕುವಾಗ 'ಜೂನ್ ಬಾಡಿಗೆ' ಹೀಗೆ ತಿಂಗಳ ಹೆಸರು ಬರೆಯಬೇಕು. ಅನಿತಾ 5ನೇ ತಾರೀಖಿನೊಳಗೆ ಓನರಿಗೆ ಕಟ್ಟಿ, ಕಟ್ಟಿದ ಸ್ಕ್ರೀನ್‌ಶಾಟ್ ಅನ್ನು ಅವತ್ತೇ ನಮ್ಮ ಗ್ರೂಪಿಗೆ ಹಾಕುತ್ತಾಳೆ. 7 ದಾಟಿದರೆ ಓನರ್ ದಿನಕ್ಕೆ 100 ರೂಪಾಯಿ ಸೇರಿಸುತ್ತಾರೆ. ಯಾರಿಂದ ತಡವಾಯಿತೋ ಅವರೇ ಅದನ್ನು ಕೊಡಬೇಕು. ಇಬ್ಬರೂ ಸರಿಯಾಗಿ ಹಾಕಿ ಅನಿತಾ ಮರೆತರೆ ಅದು ಅನಿತಾಳದ್ದೇ.

ಒಬ್ಬರಿಗೆ ಸಂಬಳ ತಡವಾದರೆ 1ನೇ ತಾರೀಖಿಗೇ ಹೇಳಬೇಕು. ಮಿಕ್ಕ ಇಬ್ಬರು ಸೇರಿ ತುಂಬುತ್ತಾರೆ, ಅವಳು 20ರೊಳಗೆ ಹಿಂದಿರುಗಿಸಬೇಕು. ಈ ಅನುಕೂಲ ಒಬ್ಬರಿಗೆ 11 ತಿಂಗಳಲ್ಲಿ ಎರಡು ಸಲ ಮಾತ್ರ.

2. ಅಡ್ವಾನ್ಸ್

ಓನರ್ ಹತ್ತಿರ 1,20,000 ರೂಪಾಯಿ ಅಡ್ವಾನ್ಸ್ ಇದೆ, ಐದು ತಿಂಗಳ ಬಾಡಿಗೆ. ಬಾಡಿಗೆಯ ಲೆಕ್ಕದಲ್ಲೇ ಹಾಕಿದ್ದೇವೆ: ಅನಿತಾ 37,500, ಶಬಾನಾ 37,500, ಕಾವ್ಯ 45,000. ದುಡ್ಡು ಅನಿತಾಳ ಖಾತೆಯಿಂದ ಹೋಗಿದ್ದರೂ ಅದರಲ್ಲಿ ಅವಳದ್ದು 37,500 ಮಾತ್ರ. ಉಳಿದ 82,500 ಇಬ್ಬರದ್ದು ಎಂದು ಅನಿತಾ ಇಲ್ಲಿ ಒಪ್ಪಿ ಸಹಿ ಮಾಡುತ್ತಾಳೆ. ಓನರ್ ಅಡ್ವಾನ್ಸ್ ವಾಪಸ್ ಮಾಡಿದ ಎರಡು ದಿನದೊಳಗೆ ಅವರವರ ಪಾಲು ಅವರವರಿಗೆ ಹೋಗಬೇಕು.

ಮನೆ ಬಿಡುವಾಗ ಬಣ್ಣ ಹೊಡೆಸಲು 16,500 ಹಿಡಿದುಕೊಳ್ಳುತ್ತೇವೆ ಎಂದು ಓನರ್ ಕರಾರಿನಲ್ಲಿ ಬರೆದಿದ್ದಾರೆ. ನಮಗೆ ತಲಾ 5,500. ಅಂದರೆ ಇದ್ದ ಒಂದೊಂದು ತಿಂಗಳಿಗೆ ಒಬ್ಬೊಬ್ಬರ ಮೇಲೆ 500 ರೂಪಾಯಿ. ಈ 500ರ ಲೆಕ್ಕ ಮುಂದೆ ಬೇಕಾಗುತ್ತದೆ.

ಇದಲ್ಲದೆ ಏನಾದರೂ ಮುರಿದರೆ, ಒಡೆದರೆ ಮುರಿದವರೇ ಕೊಡಬೇಕು. ಯಾರೆಂದು ಗೊತ್ತಾಗದಿದ್ದರೆ ಮೂರು ಪಾಲು. ಇವತ್ತೇ ಹಾಳಾಗಿರುವುದನ್ನು ಫೋಟೊ ತೆಗೆದು ಓನರಿಗೂ ಕಳಿಸಿದ್ದೇವೆ. ದೊಡ್ಡ ರೂಮಿನ ಬೀರುವಿನ ಎಡ ಬಾಗಿಲಿನ ಮೇಲಿನ ಕೀಲು ಕಿತ್ತಿದೆ, ತೆಗೆಯುವಾಗ ಬಾಗಿಲನ್ನು ಸ್ವಲ್ಪ ಎತ್ತಿ ಹಿಡಿಯಬೇಕು. ಅಡುಗೆಮನೆಯ ನಲ್ಲಿ ಎಷ್ಟು ಬಿಗಿ ಮಾಡಿದರೂ ತೊಟ್ಟಿಕ್ಕುತ್ತದೆ. ಬಾಲ್ಕನಿಯ ಗಾಜಿನ ಕೆಳಮೂಲೆಯಲ್ಲಿ ಬೆರಳುದ್ದದ ಬಿರುಕಿದೆ. ಇವು ನಾವು ಮಾಡಿದ್ದಲ್ಲ.

3. ಬಿಲ್ಲುಗಳು

ಮೇಂಟೆನೆನ್ಸ್ 1,500. ನೀರು ಅದರಲ್ಲೇ ಸೇರಿದೆ. ಇಂಟರ್ನೆಟ್ 900. ಇವೆರಡೂ ಮೂರು ಸಮಪಾಲು: ತಲಾ 500 ಮತ್ತು 300. ಊರಿಗೆ ಹೋಗಿದ್ದೆ, ಬಳಸಲೇ ಇಲ್ಲ ಎಂಬ ಮಾತು ಇವಕ್ಕೆ ನಡೆಯುವುದಿಲ್ಲ. ಗ್ಯಾಸ್ ಸಿಲಿಂಡರ್ ಮುಗಿದಾಗ ಆ ಸಲದ ದುಡ್ಡನ್ನು ಮೂವರೂ ಹಾಕಬೇಕು. ಯಾರು ಎಷ್ಟು ಟೀ ಮಾಡಿದರು ಎಂದು ಎಣಿಸುವುದಿಲ್ಲ.

ಕರೆಂಟ್ ಬಿಲ್ಲಿನಲ್ಲಿ ಮಾತ್ರ ಲೆಕ್ಕ ಬೇರೆ, ಯಾಕೆಂದರೆ ಎಸಿ ಇರುವುದು ಕಾವ್ಯಳ ರೂಮಿನಲ್ಲಿ ಮಾತ್ರ. ಅದಕ್ಕೆ ಬೇರೆ ಸಬ್‌ಮೀಟರ್ ಇದೆ. ಒಟ್ಟು ಬಿಲ್ಲನ್ನು ಒಟ್ಟು ಯೂನಿಟ್ಟಿನಿಂದ ಭಾಗಿಸಿ, ಎಸಿಯ ಯೂನಿಟ್ಟಿನಷ್ಟು ಕಾವ್ಯ ಕೊಡುತ್ತಾಳೆ. ಉಳಿದದ್ದು ಮೂರು ಪಾಲು. ಬಿಲ್ 2,400, ಯೂನಿಟ್ 300 ಎಂದಿಟ್ಟುಕೊಳ್ಳಿ. ಯೂನಿಟ್ಟಿಗೆ 8 ರೂಪಾಯಿ ಬಿತ್ತು. ಎಸಿ 90 ಯೂನಿಟ್ ತಿಂದಿದ್ದರೆ 720 ಕಾವ್ಯಳದ್ದು. ಮಿಕ್ಕ 1,680ರಲ್ಲಿ ತಲಾ 560. ಕಾವ್ಯ ಒಟ್ಟು 1,280 ಕೊಡಬೇಕು, ಮಿಕ್ಕವರು 560. ಇವತ್ತಿನ ರೀಡಿಂಗ್: ದೊಡ್ಡ ಮೀಟರ್ 18,462, ಸಬ್‌ಮೀಟರ್ 2,140. ಬಿಲ್ ಬಂದ ದಿನ ಸಬ್‌ಮೀಟರ್ ಫೋಟೊ ತೆಗೆದು ಹಾಕುವುದು ಕಾವ್ಯಳ ಕೆಲಸ. ಅವಳು ಹಾಕದಿದ್ದರೆ ಆ ತಿಂಗಳು ಅರ್ಧ ಬಿಲ್ ಅವಳದ್ದೇ.

ಒಟ್ಟಿಗೆ 15 ದಿನಕ್ಕಿಂತ ಜಾಸ್ತಿ ಮನೆಯಲ್ಲಿ ಇಲ್ಲದವರು ತಮ್ಮ ಕರೆಂಟ್ ಪಾಲಿನಲ್ಲಿ ಅರ್ಧ ಕೊಟ್ಟರೆ ಸಾಕು, ಉಳಿದರ್ಧ ಮಿಕ್ಕ ಇಬ್ಬರದ್ದು. ನೆಂಟರು, ಗೆಳತಿಯರು ತಿಂಗಳಿಗೆ 5 ರಾತ್ರಿವರೆಗೆ ಬಂದಿರಬಹುದು. ಅದಕ್ಕಿಂತ ಜಾಸ್ತಿ ಆದರೆ ಆ ತಿಂಗಳು ಕರೆಂಟಿಗೆ ನಾಲ್ಕು ಪಾಲು, ಕರೆಸಿದವರದ್ದು ಎರಡು.

4. ಸೇರಿ ಕೊಂಡದ್ದು

ಫ್ರಿಜ್ ಹಳೆಯದು, 18,000ಕ್ಕೆ ತಂದೆವು, ತಲಾ 6,000. ಪ್ರತಿ ತಿಂಗಳು ಒಬ್ಬೊಬ್ಬರ ಪಾಲಿನಲ್ಲಿ 300 ಇಳಿಯುತ್ತದೆ ಎಂದು ಒಪ್ಪಿದ್ದೇವೆ. ವಾಷಿಂಗ್ ಮಷಿನ್ ಅನಿತಾಳದ್ದು. ಎಲ್ಲರೂ ಬಳಸಬಹುದು, ರಿಪೇರಿ ಬಂದರೆ ಮೂರು ಪಾಲು, ಹೋಗುವಾಗ ಅವಳ ಜೊತೆ ಹೋಗುತ್ತದೆ.

5. ಒಬ್ಬರು ಮಧ್ಯದಲ್ಲೇ ಬಿಟ್ಟರೆ

ಕಾವ್ಯಳ ಹಿಂದಿನ ಮನೆಯಲ್ಲಿ ಒಬ್ಬಳು ಶುಕ್ರವಾರ ರಾತ್ರಿ ಹೇಳಿ ಭಾನುವಾರ ಬ್ಯಾಗ್ ತೆಗೆದುಕೊಂಡು ಹೋದಳು. ಮೂರು ತಿಂಗಳು ಅವಳ ಪಾಲನ್ನೂ ಮಿಕ್ಕವರೇ ಕಟ್ಟಿದರು. ಸ್ನೇಹವೂ ಹೋಯಿತು, ದುಡ್ಡೂ ಹೋಯಿತು. ಹಾಗಾಗಿ ಈ ಭಾಗ ಉದ್ದ ಇದೆ.

ಹೋಗುವವರು ಗ್ರೂಪಿನಲ್ಲಿ ಬರೆದು ಹೇಳಬೇಕು. ಬಾಯಲ್ಲಿ, ಸಿಟ್ಟಿನಲ್ಲಿ 'ನಾನು ಈ ಮನೆ ಬಿಡ್ತೀನಿ' ಎಂದದ್ದು ಲೆಕ್ಕಕ್ಕಿಲ್ಲ. ಬರೆದ ದಿನದಿಂದ 60 ದಿನ ಅವಳು ಮನೆಯಲ್ಲಿ ಇದ್ದರೂ ಇಲ್ಲದಿದ್ದರೂ ಬಾಡಿಗೆ, ಮೇಂಟೆನೆನ್ಸ್, ಇಂಟರ್ನೆಟ್ಟಿನ ಪಾಲು ಕೊಡಬೇಕು. ಅಷ್ಟರೊಳಗೆ ಅವಳ ಜಾಗಕ್ಕೆ ಹೊಸಬರು ಬಂದು ಬಾಡಿಗೆ ಶುರು ಮಾಡಿದರೆ ಅಂದಿಗೇ ಇವಳದ್ದು ಮುಗಿಯಿತು. 60 ದಿನ ಕಳೆದ ಮೇಲೆ ಖಾಲಿ ಜಾಗದ ಬಾಡಿಗೆ ಉಳಿದಿಬ್ಬರ ಹೊಣೆ.

ಹೊಸಬರನ್ನು ಹುಡುಕುವುದು ಹೋಗುವವಳ ಕೆಲಸ, ಒಪ್ಪುವುದು ಇರುವವರ ಕೆಲಸ. ಇಬ್ಬರಲ್ಲಿ ಒಬ್ಬರು ಬೇಡ ಎಂದರೂ ಬೇಡ, ಕಾರಣ ಕೇಳುವಂತಿಲ್ಲ. ಆದರೆ ಹೀಗೆ ಬೇಡ ಎನ್ನುವುದು ಎರಡು ಜನಕ್ಕೆ ಮಾತ್ರ. ಬಾಡಿಗೆ ಕೊಡಲು ತಯಾರಿರುವ ಮೂರನೆಯವಳನ್ನೂ ಬೇಡ ಎಂದರೆ, ಆ ದಿನದಿಂದ ಹೋಗುವವಳ ಬಾಡಿಗೆ ನಿಲ್ಲುತ್ತದೆ. ಸುಮ್ನೆ ಎಲ್ಲರನ್ನೂ ತಳ್ಳಿ ಅವಳಿಂದ ದುಡ್ಡು ವಸೂಲಿ ಮಾಡಬಾರದಲ್ವಾ.

ಅಡ್ವಾನ್ಸನ್ನು ಹೊಸಬಳು ಹೋಗುವವಳಿಗೆ ನೇರವಾಗಿ ಕೊಡುತ್ತಾಳೆ. ಬಣ್ಣದ ಬಾಬ್ತಿನಲ್ಲಿ ಹೋಗುವವಳು ಇದ್ದ ತಿಂಗಳಿಗೆ 500ರಂತೆ ಬಿಟ್ಟುಕೊಡಬೇಕು. ಫ್ರಿಜ್ಜಿನ ಪಾಲನ್ನೂ ಹೊಸಬಳೇ ಕೊಳ್ಳುತ್ತಾಳೆ. ಅವಳು ಬೇಡ ಎಂದರೆ ಉಳಿದಿಬ್ಬರು ಕೊಳ್ಳಬೇಕು.

ಲೆಕ್ಕ ಹೀಗೆ. ಶಬಾನಾ 1 ಸೆಪ್ಟೆಂಬರ್‌ಗೆ ಬರೆದು ಹೇಳಿ 31 ಅಕ್ಟೋಬರ್‌ಗೆ ಹೊರಟಳು, 1 ನವೆಂಬರ್‌ಗೆ ಹೊಸಬಳು ಬಂದಳು ಎನ್ನೋಣ. ಶಬಾನಾ ಇದ್ದದ್ದು 5 ತಿಂಗಳು. ಅಡ್ವಾನ್ಸ್ 37,500ರಲ್ಲಿ ಬಣ್ಣಕ್ಕೆ 2,500 ಕಳೆದು 35,000. ಫ್ರಿಜ್ 6,000ದಲ್ಲಿ 1,500 ಇಳಿದು 4,500. ಒಟ್ಟು 39,500. ಇದರಲ್ಲಿ ಅಕ್ಟೋಬರಿನ ಮೇಂಟೆನೆನ್ಸ್ 500, ಇಂಟರ್ನೆಟ್ 300, ಕರೆಂಟ್ 560 ಬಾಕಿ ಇದ್ದರೆ 1,360 ಹಿಡಿದು ಅವಳ ಕೈಗೆ 38,140. ಹಿಡಿದ 1,360 ಅನಿತಾಳ ಖಾತೆಗೆ. ಕರೆಂಟ್ ಬಿಲ್ ಇನ್ನೂ ಬಂದಿರದಿದ್ದರೆ ಹೊರಡುವ ದಿನದ ಮೀಟರ್ ಫೋಟೊ ನೋಡಿ, ಹಿಂದಿನ ಬಿಲ್ಲಿನ ದರದಲ್ಲೇ ಮುಗಿಸಬೇಕು. ಆಮೇಲೆ ನಲವತ್ತು ರೂಪಾಯಿಗೆ ಫೋನ್ ಮಾಡುವಂತಿಲ್ಲ.

ಹೊಸಬರೇ ಸಿಗದಿದ್ದರೆ 60 ದಿನ ಮುಗಿದ ಮೇಲೆ 45 ದಿನದೊಳಗೆ ಉಳಿದಿಬ್ಬರು ಅರ್ಧರ್ಧ ಹಾಕಿ, ಎರಡು ಕಂತಿನಲ್ಲಿ ಅವಳ ಅಡ್ವಾನ್ಸ್ ಹಿಂದಿರುಗಿಸಬೇಕು. ಆ ಪಾಲು ಆಮೇಲೆ ಅವರದ್ದಾಗುತ್ತದೆ.

30 ನವೆಂಬರ್ 2025ಕ್ಕಿಂತ ಮುಂಚೆ ಮನೆಯನ್ನೇ ಖಾಲಿ ಮಾಡಿದರೆ ಓನರ್ ಒಂದು ತಿಂಗಳ ಬಾಡಿಗೆ 24,000 ಮುರಿದುಕೊಳ್ಳುತ್ತಾರೆ. ಒಬ್ಬರು ಹೊರಟರೆಂದು ಮಿಕ್ಕವರಿಗೂ ಬಾಡಿಗೆ ತೂಗಿಸಲಾಗದೆ ಹಾಗೆ ಖಾಲಿ ಮಾಡಬೇಕಾದರೆ, ಹೊರಟವಳು 12,000, ಮಿಕ್ಕವರು ತಲಾ 6,000.

ಅವಳಿಗೇ ದೊಡ್ಡ ಕಾಯಿಲೆ ಬಂದರೆ, ಕೆಲಸ ಹೋದರೆ, ಮನೆಯಲ್ಲಿ ಸಾವಾದರೆ 60 ದಿನ 30 ಆಗುತ್ತದೆ. ಬೇರೆ ಕಡೆ ಒಳ್ಳೆ ಕೆಲಸ ಸಿಕ್ಕಿದ್ದು ಸಂತೋಷದ ವಿಷಯ, ತುರ್ತಲ್ಲ. 60 ದಿನವೇ.

ಅನಿತಾ ಹೊರಟರೆ ಇವೆಲ್ಲದರ ಜೊತೆ ಇನ್ನೊಂದು: ಓನರ್ ಕರಾರನ್ನು ಉಳಿದವರಲ್ಲಿ ಒಬ್ಬರ ಹೆಸರಿಗೆ ಬರೆದುಕೊಡುವವರೆಗೆ, 1,20,000 ಅಡ್ವಾನ್ಸ್ ಆ ಹೆಸರಿನಲ್ಲೇ ಇದೆ ಎಂದು ಅದರಲ್ಲಿ ಸೇರಿಸುವವರೆಗೆ ಅವಳು ತನ್ನ ಅಡ್ವಾನ್ಸ್ ಕೇಳುವಂತಿಲ್ಲ. ಮಿಕ್ಕವರೂ ಹೆಸರು ಬದಲಾಯಿಸಿಕೊಳ್ಳದೆ ಎಳೆದಾಡಬಾರದು. 60 ದಿನದೊಳಗೆ ಇಬ್ಬರಲ್ಲಿ ಒಬ್ಬರು ಸಹಿ ಹಾಕಲೇಬೇಕು.

6. ಇಬ್ಬರು ಸೇರಿ ಒಬ್ಬರನ್ನು ಹೋಗು ಎಂದರೆ

ಸತತ ಎರಡು ತಿಂಗಳು ಬಾಡಿಗೆ ಕೊಡದಿದ್ದರೆ ಹೋಗು ಎನ್ನಬಹುದು, ಆಗ 5ನೇ ಭಾಗದ ಲೆಕ್ಕವೇ. ಬಾಕಿ ಬಾಡಿಗೆಯನ್ನು ಅವಳ ಅಡ್ವಾನ್ಸಿನಲ್ಲಿ ಹಿಡಿಯಬಹುದು. ಬೇರೆ ಕಾರಣಕ್ಕಾದರೆ 60 ದಿನ ಟೈಮ್ ಕೊಡಬೇಕು, ಅವಳು ಹೋಗುವ ದಿನದವರೆಗೆ ಮಾತ್ರ ಬಾಡಿಗೆ, ಬಣ್ಣದ ದುಡ್ಡು ಹಿಡಿಯುವಂತಿಲ್ಲ, ಅಡ್ವಾನ್ಸ್ ಪೂರ್ತಿ ಅವತ್ತೇ ಕೊಡಬೇಕು. ಬೀಗ ಬದಲಾಯಿಸುವುದು, ಸಾಮಾನು ಹೊರಗಿಡುವುದು ಯಾವ ಕಾರಣಕ್ಕೂ ಇಲ್ಲ.

7. ಅವಧಿ ಮುಗಿದಾಗ

ಮುಂದುವರಿಯುತ್ತೇವೋ ಇಲ್ಲವೋ ಎಂದು ಮೂವರೂ 15 ಫೆಬ್ರವರಿ 2026ರೊಳಗೆ ಹೇಳಬೇಕು, ಓನರಿಗೆ ಎರಡು ತಿಂಗಳು ಮುಂಚೆ ತಿಳಿಸಬೇಕಾಗಿದೆ. ಮುಂದುವರಿದರೆ ಬಾಡಿಗೆ ನೂರಕ್ಕೆ ಐದು ಏರಿ 25,200 ಆಗುತ್ತದೆ: ದೊಡ್ಡ ರೂಮಿನವರಿಗೆ ತಲಾ 7,875, ಚಿಕ್ಕ ರೂಮಿಗೆ 9,450.

ಇದರಲ್ಲಿ ಏನನ್ನಾದರೂ ಬದಲಾಯಿಸಬೇಕಾದರೆ ಮೂವರೂ ಒಪ್ಪಿ, ಬರೆದು, ಸಹಿ ಹಾಕಬೇಕು. ಹೊಸಬರು ಬಂದರೆ ಅವರೂ ಇದನ್ನು ಓದಿ ಸಹಿ ಹಾಕಿದ ಮೇಲೆಯೇ ಕೀಲಿ. ಮೂರು ಪ್ರತಿ ಮಾಡಿ ಒಬ್ಬೊಬ್ಬರು ಒಂದೊಂದು ಇಟ್ಟುಕೊಂಡಿದ್ದೇವೆ.

ಸಹಿ: ಅನಿತಾ (1,20,000 ಅಡ್ವಾನ್ಸಿನಲ್ಲಿ 82,500 ನನ್ನದಲ್ಲ ಎಂದು ಒಪ್ಪಿದ್ದೇನೆ)

ಸಹಿ: ಶಬಾನಾ

ಸಹಿ: ಕಾವ್ಯ (ಸಬ್‌ಮೀಟರ್ ಫೋಟೊ ನನ್ನ ಹೊಣೆ)