ಈ ಸಲದ ಹೊಸ ಹಲಸಿನ ಹಪ್ಪಳಕ್ಕೆ ಯಾವ ರುಚಿ? ಓಟು ನಿಮ್ಮದು

ಮಾರ್ಚ್ 9, ಭಾನುವಾರ

ನಮಸ್ಕಾರ ಎಲ್ಲರಿಗೂ, ನೀರ್ಚಾಲಿನಿಂದ ಹಪ್ಪಳದ ಸುದ್ದಿ.

ಬಕ್ಕೆ ಹಲಸು ಬೆಳೆದಿದೆ, ಬಿಸಿಲೂ ಸರಿಯಾಗಿ ಕಾಯುತ್ತಿದೆ. ಮುಂದಿನ ವಾರ ಹಪ್ಪಳ ಶುರು. ಉಪ್ಪು ಮಾತ್ರ ಹಾಕಿದ ಸಪ್ಪೆ ಹಪ್ಪಳ, ಕೆಂಪುಮೆಣಸು ಕೊತ್ತಂಬರಿ ಹಾಕಿದ ಖಾರ ಹಪ್ಪಳ, ಇವೆರಡು ಎಂದಿನ ಹಾಗೆ ಇದ್ದೇ ಇರುತ್ತವೆ. ಅದಕ್ಕೆ ಕೈ ಹಾಕುವುದಿಲ್ಲ, ಹಾಕಿದರೆ ನಮ್ಮ ಅತ್ತೆ ಬಿಡುವುದೂ ಇಲ್ಲ. ಆದರೆ ಹೋದ ವರ್ಷದಿಂದಲೇ "ಬೇರೆ ರುಚಿ ಏನಾದರೂ ಮಾಡಿ" ಅಂತ ಸುಮಾರು ಜನ ಕೇಳುತ್ತಿದ್ದೀರಿ, ಹಾಗಾಗಿ ಈ ಸಲ ಮೂರನೆಯದು ಒಂದು ಬರುತ್ತದೆ. ಯಾವುದು ಅಂತ ನೀವೇ ಹೇಳಿ.

ಕೆಳಗಿನ ಪೋಲಿನಲ್ಲಿ ನಾಲ್ಕು ರುಚಿ ಇವೆ:

ಗಾಂಧಾರಿ ಮೆಣಸು: ನಮ್ಮ ಹಿತ್ತಲಿನ ಸಣ್ಣ ಬಿಳಿ ಮೆಣಸು. ಖಾರ ಮೊದಲ ತುತ್ತಿಗೆ ಗೊತ್ತಾಗುವುದಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಬರುತ್ತದೆ. ಬಂದ ಮೇಲೆ ನೀರು ಹುಡುಕುತ್ತೀರಿ.

ಒಳ್ಳೆಮೆಣಸು ಜೀರಿಗೆ: ತರಿತರಿಯಾಗಿ ಕುಟ್ಟಿ ಹಾಕುವುದು. ಗಂಜಿಗೂ ಸಾರನ್ನಕ್ಕೂ ಸರಿ.

ಪುನರ್ಪುಳಿ: ಹುಳಿ ಹಪ್ಪಳ. ಹಣ್ಣು ಬರುವಾಗ ಇನ್ನೂ ತಡ, ಆದ್ದರಿಂದ ಹೋದ ವರ್ಷದ ಒಣಸಿಪ್ಪೆ ಹುಡಿ ಮಾಡಿ ಹಾಕುತ್ತೇವೆ. ರಸ ಹಾಕಿದರೆ ಹಿಟ್ಟು ಸಡಿಲ ಆಗುತ್ತದೆ, ಪ್ಲಾಸ್ಟಿಕ್ ಹಾಳೆಯಿಂದ ಏಳುವುದೇ ಇಲ್ಲ. ಬಣ್ಣ ಸ್ವಲ್ಪ ಕಪ್ಪಾದೀತು, ಈಗಲೇ ಹೇಳಿಬಿಡುತ್ತೇನೆ.

ಬೆಳ್ಳುಳ್ಳಿ ಕರಿಬೇವಿನಸೊಪ್ಪು: ಇದು ಗೆದ್ದರೆ ಸೀಸನ್ನಿನ ಕೊನೆಗೆ ಮಾಡುವುದು, ಅದೂ ಬೇರೆ ಗ್ರೈಂಡರಿನಲ್ಲಿ. ನಮ್ಮಿಂದ ತೆಗೆದುಕೊಳ್ಳುವವರಲ್ಲಿ ಬೆಳ್ಳುಳ್ಳಿ ತಿನ್ನದ ಮನೆ ಜಾಸ್ತಿ, ಅವರ ಹಪ್ಪಳಕ್ಕೆ ಅದರ ವಾಸನೆಯೂ ತಾಗಬಾರದು.

ಒಬ್ಬರಿಗೆ ಒಂದೇ ಓಟು. ಮನಸ್ಸು ಬದಲಾದರೆ ಓಟನ್ನೂ ಬದಲಾಯಿಸಬಹುದು, ಬುಧವಾರ ರಾತ್ರಿ 9 ಗಂಟೆಯವರೆಗೆ. ಯಾರು ಯಾವುದಕ್ಕೆ ಹಾಕಿದರು ಅಂತ ಗ್ರೂಪಿನಲ್ಲಿ ಎಲ್ಲರಿಗೂ ಕಾಣುತ್ತದೆ, ಅದು ಬೇಡ ಅನ್ನುವವರು ನನಗೆ ಪ್ರತ್ಯೇಕ ಮೆಸೇಜ್ ಮಾಡಿ, ನಾನು ಲೆಕ್ಕಕ್ಕೆ ಸೇರಿಸಿಕೊಳ್ಳುತ್ತೇನೆ.

ಅತಿ ಹೆಚ್ಚು ಓಟು ಬಿದ್ದ ರುಚಿಯನ್ನು ಮಾಡಿಯೇ ಮಾಡುತ್ತೇವೆ, ಅದರಲ್ಲಿ ಹಿಂದೆ ಮುಂದೆ ಇಲ್ಲ. ಆದರೆ ಎಷ್ಟು ಖಾರ, ಎಷ್ಟು ದೊಡ್ಡ ಹಪ್ಪಳ, ಒಂದು ಕಟ್ಟಿಗೆ ಎಷ್ಟು, ಇದೆಲ್ಲ ಬರೀ ಓಟಿನಿಂದ ನನಗೆ ಗೊತ್ತಾಗುವುದಿಲ್ಲ. ಆದ್ದರಿಂದ ಓಟು ಹಾಕಿದ ಮೇಲೆ ಒಂದು ಸಾಲು ಬರೆಯಿರಿ: ನಿಮ್ಮ ಮನೆಯಲ್ಲಿ ಇದನ್ನು ಯಾರು ತಿನ್ನುತ್ತಾರೆ, ಯಾವಾಗ ತಿನ್ನುತ್ತಾರೆ, ಎಷ್ಟು ಕಟ್ಟು ಬೇಕಾದೀತು. ಕನ್ನಡ, ಮಲಯಾಳ, ತುಳು, ಯಾವುದರಲ್ಲಾದರೂ ಆಗಬಹುದು. ಟೈಪ್ ಮಾಡಲು ಉದಾಸೀನ ಆದರೆ ವಾಯ್ಸ್ ಕಳಿಸಿ. "ಸೂಪರ್" ಅಂತ ಮಾತ್ರ ಬರೆಯಬೇಡಿ, ಸಂತೋಷ ಆಗುತ್ತದೆ, ಆದರೆ ಅದರಿಂದ ಹಿಟ್ಟಿಗೆ ಎಷ್ಟು ಮೆಣಸು ಅಂತ ಗೊತ್ತಾಗುವುದಿಲ್ಲ.

ಮಾರ್ಚ್ 11, ಮಂಗಳವಾರ

ಓಟು ಹಾಕದವರು ಇನ್ನೂ ತುಂಬ ಜನ ಇದ್ದೀರಿ. ನಾಳೆ ರಾತ್ರಿ 9ಕ್ಕೆ ಮುಗಿಯುತ್ತದೆ.

"ಎರಡಕ್ಕೆ ಹಾಕಬಹುದಾ" ಅಂತ ಕೇಳಿದವರಿಗೆ: ಇಲ್ಲ. ಎರಡೂ ಇಷ್ಟ ಅಂತಾದರೆ ಯಾವುದನ್ನು ದುಡ್ಡು ಕೊಟ್ಟು ಮೊದಲು ತೆಗೆದುಕೊಳ್ಳುತ್ತೀರೋ ಅದಕ್ಕೆ ಹಾಕಿ. ಅಣ್ಣ ತಮ್ಮಂದಿರನ್ನೆಲ್ಲ ಗ್ರೂಪಿಗೆ ಸೇರಿಸಿ ಓಟು ಹಾಕಿಸುತ್ತಿರುವ ಪೆರ್ಲದ ಬಾವನಿಗೆ ಒಂದು ವಿಜ್ಞಾಪನೆ, ಇದು ಪಂಚಾಯತ್ ಎಲೆಕ್ಷನ್ ಅಲ್ಲ. ಅವರು ಹಪ್ಪಳ ತೆಗೆದುಕೊಳ್ಳುವುದಾದರೆ ಬರಲಿ, ಸಂತೋಷ.

ಮಾರ್ಚ್ 13, ಗುರುವಾರ

ಲೆಕ್ಕ ಆಯಿತು. ಪ್ರತ್ಯೇಕ ಮೆಸೇಜಿನಲ್ಲಿ ಬಂದದ್ದೂ ಸೇರಿ 212 ಓಟು. ಗಾಂಧಾರಿ 71, ಒಳ್ಳೆಮೆಣಸು ಜೀರಿಗೆ 64, ಬೆಳ್ಳುಳ್ಳಿ 48, ಪುನರ್ಪುಳಿ 29.

ಗಾಂಧಾರಿ ಗೆದ್ದಿದೆ, ಗಾಂಧಾರಿಯೇ ಆಗುತ್ತದೆ.

ಇನ್ನು ನೀವು ಬರೆದ ಸಾಲುಗಳ ವಿಷಯ. ನಿನ್ನೆ ರಾತ್ರಿ ನಾನೂ ಅತ್ತೆಯೂ ಕೂತು ಎಲ್ಲವನ್ನೂ ಓದಿದೆವು, ವಾಯ್ಸ್ ಬಂದದ್ದನ್ನು ಕೇಳಿದೆವು, ಒಂದು ನೋಟುಬುಕ್ಕಿನಲ್ಲಿ ರುಚಿಗೆ ಒಂದರಂತೆ ಹಾಳೆ ಮಾಡಿ ಬರೆದುಕೊಂಡೆವು. ಒಂದೇ ಮಾತು ಬೇರೆ ಬೇರೆಯವರಿಂದ ಬಂದರೆ ಅದರ ಮುಂದೆ ಗೀಟು ಹಾಕುತ್ತಾ ಹೋದೆವು. ಒಬ್ಬರೇ ಹೇಳಿದ್ದಾದರೂ ಹೌದಲ್ಲಾ ಅನ್ನಿಸಿದ್ದನ್ನು ಬಿಡಲಿಲ್ಲ.

ಗಾಂಧಾರಿಗೆ ಓಟು ಹಾಕಿದವರಲ್ಲಿ ಜಾಸ್ತಿ ಊರು ಬಿಟ್ಟವರು. ಬೆಂಗಳೂರು, ಮುಂಬೈ, ದುಬೈ, ಅಬುಧಾಬಿ. ಸಂಜೆ ಚಹಾದ ಜೊತೆ ಅಂತ ಸುಮಾರು ಜನ ಬರೆದಿದ್ದಾರೆ, "ಸಂಜೆ ಫ್ರೆಂಡ್ಸ್ ಬಂದಾಗ" ಅಂತ ಮಾತ್ರ ಬರೆದು ನಿಲ್ಲಿಸಿದವರೂ ಇದ್ದಾರೆ, ಅರ್ಥ ಆಯಿತು. ಊಟಕ್ಕೆ ಅಂತ ಹೇಳಿದವರು ಕಡಿಮೆ. ಅಂದರೆ ಇದು ಅನ್ನದ ಬದಿಗೆ ಬಡಿಸುವ ಹಪ್ಪಳ ಅಲ್ಲ, ಕೈಯಲ್ಲಿ ಹಿಡಿದು ತಿನ್ನುವಂಥದ್ದು. ಅದಕ್ಕೆ ದೊಡ್ಡ ಗಾತ್ರ ಬೇಡ.

ಅದೇ ಹೊತ್ತಿಗೆ ಉಪ್ಪಳದ ಅಕ್ಕ ಒಬ್ಬರು ಒಂದು ಮಾತು ಬರೆದಿದ್ದರು: ಬಿಳಿ ಗಾಂಧಾರಿ ಹಾಕಿದರೆ ಹಪ್ಪಳ ನೋಡಲು ಸಪ್ಪೆ ಹಪ್ಪಳದ ಹಾಗೆಯೇ ಇರುತ್ತದೆ, ಎರಡನ್ನೂ ಒಂದೇ ಡಬ್ಬಿಯಲ್ಲಿ ಇಟ್ಟರೆ ಮಕ್ಕಳು ಗೊತ್ತಾಗದೆ ತಿಂದು ಬೊಬ್ಬೆ ಹಾಕುತ್ತಾರೆ. ಈ ಮಾತನ್ನು ಬೇರೆ ಯಾರೂ ಹೇಳಿಲ್ಲ. ಆದರೆ ಎಷ್ಟು ಸರಿ ಅಲ್ವಾ! ಕೆಂಪುಮೆಣಸಿನ ಹಪ್ಪಳ ಆದರೆ ಬಣ್ಣದಲ್ಲೇ ಗೊತ್ತಾಗುತ್ತದೆ. ಬಣ್ಣ ಹಾಕುವುದು ನಮಗೆ ಇಷ್ಟ ಇಲ್ಲ. ಆದ್ದರಿಂದ ಗಾಂಧಾರಿ ಹಪ್ಪಳವನ್ನು ಉಳಿದದ್ದರ ಅರ್ಧ ಅಗಲಕ್ಕೆ ಒತ್ತುತ್ತೇವೆ. ಸಣ್ಣದು ಕಂಡರೆ ಖಾರ ಅಂತ ಮಕ್ಕಳಿಗೂ ಹೇಳಿಕೊಡಬಹುದು.

ಸಣ್ಣದಾದರೆ ಇನ್ನೊಂದು ಕೆಲಸವೂ ಆಗುತ್ತದೆ. ಗಲ್ಫಿಗೆ ಕೊಂಡುಹೋಗುವವರದ್ದು ಒಂದೇ ದೂರು, ಸೂಟ್‌ಕೇಸಿನಲ್ಲಿ ಹಪ್ಪಳ ಹುಡಿ ಆಗುತ್ತದೆ ಅಂತ. ಸಣ್ಣ ಹಪ್ಪಳ ದುಂಡಗಿನ ಡಬ್ಬಿಯಲ್ಲಿ ಅಡುಕಿ ಇಡಲು ಬರುತ್ತದೆ. ಹಾಗಾಗಿ ಗಾಂಧಾರಿಗೆ ಕಟ್ಟು ಇಲ್ಲ, 30 ಹಪ್ಪಳದ ಡಬ್ಬಿ. ಬೆಲೆ 90 ರೂಪಾಯಿ, ಡಬ್ಬಿ ಸೇರಿ.

ಖಾರದ ಬಗ್ಗೆ ಎರಡು ಪಕ್ಷ ಆಗಿದೆ. "ಕಣ್ಣಲ್ಲಿ ನೀರು ಬರಬೇಕು" ಅನ್ನುವವರು, "ಹೆಸರಿಗೆ ಮಾತ್ರ ಇರಲಿ" ಅನ್ನುವವರು. ನಡುವಿನದ್ದು ಮಾಡಿದರೆ ಇಬ್ಬರಿಗೂ ಸಮಾಧಾನ ಇಲ್ಲ ಅಂತ ನನಗೆ ಅನ್ನಿಸುತ್ತದೆ. ಕಡಿಮೆ ಖಾರ ಬೇಕು ಅಂದವರ ಸಾಲು ಮತ್ತೊಮ್ಮೆ ಓದಿದರೆ, ಅವರಲ್ಲಿ ಹೆಚ್ಚಿನವರು ಒಳ್ಳೆಮೆಣಸಿಗೆ ಓಟು ಹಾಕಿದವರೇ. ಹಾಗಾಗಿ ಗಾಂಧಾರಿ ಗಾಂಧಾರಿಯಾಗಿಯೇ ಇರಲಿ. ಡಬ್ಬಿಯ ಮೇಲೆ "ತುಂಬಾ ಖಾರ" ಅಂತ ಕನ್ನಡದಲ್ಲೂ ಮಲಯಾಳದಲ್ಲೂ ದೊಡ್ಡದಾಗಿ ಬರೆಯುತ್ತೇವೆ.

ಈಗ ಆ 64 ಜನ. ಗಾಂಧಾರಿಗಿಂತ 7 ಓಟು ಮಾತ್ರ ಕಡಿಮೆ. ಇವರು ಹೆಚ್ಚಾಗಿ ಊರಲ್ಲೇ ಇರುವವರು, ಬದಿಯಡ್ಕ, ಮುಳ್ಳೇರಿಯ, ಕುಂಬಳೆ, ವಿಟ್ಲ, ಪುತ್ತೂರು. ಮನೆಯಲ್ಲಿ ಹಿರಿಯರು ಇದ್ದಾರೆ, ಮಳೆಗಾಲದಲ್ಲಿ ದಿನವೂ ಗಂಜಿಗೆ ಬೇಕು ಅಂತ ಬರೆದಿದ್ದಾರೆ. ಗಾಂಧಾರಿಯವರು ಒಂದು ಕಟ್ಟು, ಎರಡು ಕಟ್ಟು ಅಂದರೆ ಇವರು ನಾಲ್ಕು ಕಟ್ಟು, ಆರು ಕಟ್ಟು ಅನ್ನುತ್ತಾರೆ. ಕಟ್ಟಿನ ಲೆಕ್ಕದಲ್ಲಿ ನೋಡಿದರೆ ಇವರದ್ದೇ ಮೇಲೆ! ಮಾತು ಕೊಟ್ಟ ಹಾಗೆ ಗಾಂಧಾರಿ ಮೊದಲು. ಅದು ಮುಗಿದ ಮೇಲೆ ಬಿಸಿಲು ಇದ್ದರೆ ಒಳ್ಳೆಮೆಣಸು ಜೀರಿಗೆಯನ್ನೂ ಮಾಡುತ್ತೇವೆ, ಆದರೆ ಮೊದಲೇ ಹೇಳಿದವರಿಗೆ ಮಾತ್ರ, ಹೇಳಿದಷ್ಟೇ. ಪತ್ತನಾಜೆ ಕಳೆದರೆ ಮಳೆಯನ್ನು ನಂಬಲು ಆಗುವುದಿಲ್ಲ, ಒಣಗದ ಹಪ್ಪಳ ಬೂಸಲು ಬರುತ್ತದೆ. ಅದಕ್ಕೆ ಏಪ್ರಿಲ್ 20ರ ಒಳಗೆ ಹೇಳಿ.

ಬೆಳ್ಳುಳ್ಳಿ ಈ ವರ್ಷ ಇಲ್ಲ.

ಪುನರ್ಪುಳಿಯ 29 ಜನರಿಗೆ: ಓಟು ಕಡಿಮೆ ಬಿದ್ದರೂ ನೀವು ಬರೆದದ್ದು ಎಲ್ಲರಿಗಿಂತ ಉದ್ದ. ಉಪ್ಪು ಜಾಸ್ತಿ ಹಾಕಿ, ಮೆಣಸು ಹಾಕಲೇಬೇಡಿ, ಸಿಪ್ಪೆಯನ್ನು ಹುಡಿ ಮಾಡುವ ಮೊದಲು ಮತ್ತೊಮ್ಮೆ ಬಿಸಿಲಿಗೆ ಹಾಕಿ, ಎಲ್ಲ ಬರೆದುಕೊಂಡಿದ್ದೇನೆ. ಮಾರಲಿಕ್ಕೆ ಅಲ್ಲ, ಮನೆಗೆ ಅಂತ ಸ್ವಲ್ಪ ಮಾಡಿ, ನಿಮ್ಮ ಮಾಮೂಲಿ ಕಟ್ಟಿನ ಜೊತೆ ನಾಲ್ಕು ಹಪ್ಪಳ ಹಾಕಿ ಕಳಿಸುತ್ತೇನೆ. ತಿಂದು ಹೇಳಿ.

ಮಾರ್ಚ್ 14, ಶುಕ್ರವಾರ. ಉಪ್ಪಳದ ಅಕ್ಕನಿಗೆ ಪ್ರತ್ಯೇಕವಾಗಿ

ಅಕ್ಕ, ನೀವು ಬರೆದ ಮಕ್ಕಳ ವಿಷಯ ಓದಿ ಹಪ್ಪಳದ ಗಾತ್ರವನ್ನೇ ಬದಲಾಯಿಸಿದೆವು. ತುಂಬಾ ಉಪಕಾರ ಆಯಿತು. ಮೊದಲ ಡಬ್ಬಿ ನಿಮಗೆ, ದುಡ್ಡು ಬೇಡ. ಇನ್ನೊಂದು ಕೇಳಲಿಕ್ಕಿತ್ತು. "ಸಣ್ಣದು ಕಂಡರೆ ಮಕ್ಕಳಿಗೆ ಕೊಡಬೇಡಿ" ಅಂತ ಡಬ್ಬಿಯಲ್ಲಿ ಬರೆಯುತ್ತೇವೆ, ಅದರ ಕೆಳಗೆ "ಉಪ್ಪಳದ ಅಕ್ಕ ಹೇಳಿದ್ದು" ಅಂತ ಹಾಕಬಹುದಾ? ಹೆಸರು ಹಾಕುವುದಿಲ್ಲ. ಬೇಡ ಅನ್ನಿಸಿದರೆ ಹಾಗೇ ಹೇಳಿ, ಬೇಜಾರಿಲ್ಲ. ಡಬ್ಬಿ ಹೇಗಿದ್ದರೂ ಬರುತ್ತದೆ.

ಏಪ್ರಿಲ್ 6, ಭಾನುವಾರ

ಗಾಂಧಾರಿ ಹಪ್ಪಳ ಒಣಗಿ ಡಬ್ಬಿಗೆ ಬಿದ್ದಿದೆ. ವಿಷುವಿಗೆ ಮೊದಲು ಬೇಕಾದವರು ಗುರುವಾರದ ಒಳಗೆ ಹೇಳಿ. ಬದಿಯಡ್ಕ, ಕುಂಬಳೆಗೆ ನಾವೇ ತಂದುಕೊಡುತ್ತೇವೆ, ಉಳಿದ ಕಡೆಗೆ ಪಾರ್ಸೆಲ್. ಓಟು ಹಾಕಿದ 71 ಜನರಿಗೆ ಮೊದಲು, ಉಳಿದದ್ದು ಮಿಕ್ಕವರಿಗೆ.

ಕಾಯಿಸುವಾಗ ಒಂದು ಜಾಗ್ರತೆ: ಸಣ್ಣ ಹಪ್ಪಳ ಬೇಗ ಕೆಂಪಾಗುತ್ತದೆ, ಎಣ್ಣೆ ಹೊಗೆ ಬರುವಷ್ಟು ಬಿಸಿ ಬೇಡ. ಹಾಕಿ ಉಬ್ಬಿದ ಕೂಡಲೇ ತೆಗೆಯಿರಿ. ತೆಂಗಿನೆಣ್ಣೆಯಲ್ಲಿ ಕಾಯಿಸಿದರೆ ರುಚಿಯೇ ಬೇರೆ, ಅದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ.

ಡಬ್ಬಿ ಸಿಕ್ಕಿ ತಿಂದ ಮೇಲೆ ಎರಡು ಪ್ರಶ್ನೆಗೆ ಮಾತ್ರ ಉತ್ತರ ಕೊಡಿ. ಡಬ್ಬಿ ಎಷ್ಟು ದಿನದಲ್ಲಿ ಖಾಲಿ ಆಯಿತು? ಮತ್ತೊಂದು ತೆಗೆದುಕೊಳ್ಳುತ್ತೀರಾ? ಸಂಕೋಚ ಬೇಡ. "ಅರ್ಧ ಡಬ್ಬಿ ಇನ್ನೂ ಹಾಗೇ ಇದೆ" ಅಂದರೆ ಅದನ್ನೂ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತೇವೆ, ಬರುವ ವರ್ಷ ಎಷ್ಟು ಮಾಡಬೇಕು ಅಂತ ಅದರಿಂದಲೇ ಗೊತ್ತಾಗುವುದು.

ಒಳ್ಳೆಮೆಣಸಿಗೆ ಈವರೆಗೆ 118 ಕಟ್ಟು ಹೇಳಿದ್ದಾರೆ. ಹೇಳದವರಿಗೆ 20ನೇ ತಾರೀಕಿನವರೆಗೆ ಸಮಯ ಇದೆ, ಅಷ್ಟರ ಮೇಲೆ ಫೋನ್ ಮಾಡಿ ಬೈಯಬೇಡಿ.