ವಿಭಾಗ 5: ತಾರ್ಕಿಕ ಚೌಕಟ್ಟು ಮತ್ತು ಮೇಲ್ವಿಚಾರಣೆ ಯೋಜನೆ
(ಎಣ್ಮಕಜೆ ಪಂಚಾಯತಿನ ತೋಡುಗಳಲ್ಲಿ ಕಟ್ಟ, ಸುರಂಗ ಪುನಶ್ಚೇತನ: 2026 ಮಾರ್ಚ್ – 2028 ಮೇ)

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುತ್ತದೆ. ಹಾಗಿದ್ದರೂ ಏಪ್ರಿಲ್ ಬಂತೆಂದರೆ ಅಡಿಕೆ ತೋಟಕ್ಕೆ ನೀರಿಲ್ಲ. ಮುರಕಲ್ಲಿನ ಇಳಿಜಾರು ನೆಲ, ಬಿದ್ದ ನೀರು ಬೇಗನೆ ಸಮುದ್ರ ಸೇರುತ್ತದೆ. ಹಾಗಾಗಿ ನೀರು ಹರಿಯುವ ತೋಡಿಗೆ ಅಡ್ಡ ಹಾಕುವ ತಾತ್ಕಾಲಿಕ ಒಡ್ಡುಗಳನ್ನು, ಅಂದರೆ ಕಟ್ಟಗಳನ್ನು, ಎಷ್ಟು ಕಟ್ಟಿದೆವು ಎಂಬುದನ್ನು ನಾವು ಯಶಸ್ಸೆಂದು ಲೆಕ್ಕ ಹಾಕುವುದಿಲ್ಲ. ಏಪ್ರಿಲ್ 15ರಂದು ಬಾವಿಯಲ್ಲಿ ಎಷ್ಟು ನೀರಿದೆ ಎಂಬುದೇ ನಮ್ಮ ಮುಖ್ಯ ಅಳತೆ.

| ಹಂತ | ಸೂಚಕ | ಪರಿಶೀಲನೆಯ ಆಧಾರ | ನಮ್ಮ ಕೈಯಲ್ಲಿಲ್ಲದ್ದು |
|---|---|---|---|
| ಗುರಿ: ಬೇಸಿಗೆಯಲ್ಲೂ ಕುಡಿಯಲು, ತೋಟಕ್ಕೆ ನೀರು | ಟ್ಯಾಂಕರ್ ನೀರು ಪಡೆಯುವ ಮನೆಗಳು ಕಡಿಮೆಯಾಗುವುದು | ಪಂಚಾಯತಿನ ನೀರು ಹಂಚಿಕೆ ದಾಖಲೆ | ಹೊಸ ಕೊಳವೆಬಾವಿಗಳು ಒಮ್ಮೆಲೇ ಹೆಚ್ಚಬಾರದು |
| ಪರಿಣಾಮ: ಬಾವಿಯಲ್ಲಿ ನೀರು ಹೆಚ್ಚು ದಿನ ನಿಲ್ಲುವುದು | 36 ಬಾವಿಗಳಲ್ಲಿ ಕನಿಷ್ಠ 24ರಲ್ಲಿ ಏಪ್ರಿಲ್ 15ರ ನೀರಿನ ಮಟ್ಟ 2026ರದ್ದಕ್ಕಿಂತ 50 ಸೆ.ಮೀ. ಮೇಲೆ | ಬಾವಿ ಅಳತೆ ಪುಸ್ತಕ, ಮಳೆ ಮಾಪಕದ ದಾಖಲೆ | ಮಳೆ ತೀರಾ ಕೈಕೊಡಬಾರದು |
| ಫಲ: ನೀರು ನಿಲ್ಲಿಸುವ ಕಟ್ಟ, ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ, ನೀರು ಕೊಡುವ ಸುರಂಗ | ಪ್ರತಿ ವರ್ಷ 12 ಕಟ್ಟ, ಒಟ್ಟು 8 ಸುರಂಗ | ಒಂದೇ ಜಾಗದಿಂದ ತೆಗೆದ ಫೋಟೋ, ಬಕೆಟ್ ತುಂಬುವ ಸಮಯ | ಅನುಭವಿ ಸುರಂಗ ಕೆಲಸಗಾರರು ಸಿಗಬೇಕು |
| ಚಟುವಟಿಕೆ: ಸಭೆ, ತೋಡು ಸರ್ವೆ, ಕಟ್ಟ ನಿರ್ಮಾಣ, ಸುರಂಗದ ಹೂಳು ತೆಗೆಯುವುದು | ಕೆಲಸ ಮುಗಿದ ದಿನಾಂಕ | ಸಭೆಯ ನಡಾವಳಿ, ಹಾಜರಿ, ಬಿಲ್ಲು | ಜಾಗದವರ ಒಪ್ಪಿಗೆ |

ಒಂದು ಹಂತ ಮುಂದಿನದಕ್ಕೆ ಹೇಗೆ ತಲುಪುತ್ತದೆ ಎಂಬುದು ಕಟ್ಟ ಹಾಕುವ ಸಮಯದ ಮೇಲಿದೆ. ಬೇಗ ಹಾಕಿದರೆ ಅಕ್ಟೋಬರ್–ನವೆಂಬರ್‌ನ ತುಲಾ ಮಳೆಗೆ ಕೊಚ್ಚಿಹೋಗುತ್ತದೆ. ತಡವಾದರೆ ತೋಡಿನಲ್ಲಿ ಹಿಡಿಯಲು ನೀರೇ ಇರುವುದಿಲ್ಲ. ಆದ್ದರಿಂದ ಡಿಸೆಂಬರ್ ಮೊದಲ ಎರಡು ವಾರಗಳಲ್ಲಿ ಹನ್ನೆರಡೂ ಮುಗಿಯಬೇಕು. ಕಲ್ಲು, ಮಣ್ಣು, ಪ್ಲಾಸ್ಟಿಕ್ ಹಾಳೆ ಸಾಕು. ಮಳೆಗಾಲಕ್ಕೆ ಮುಂಚೆ ಬಿಚ್ಚುತ್ತೇವೆ. ಜನವರಿಯಲ್ಲಿ ಸೋರಿಕೆ ಕಂಡರೆ ಆಯಾ ಕಟ್ಟದ ಬಳಕೆದಾರರೇ ಮಣ್ಣು ಮೆತ್ತುತ್ತಾರೆ. ಅದೂ ಪುಸ್ತಕದಲ್ಲಿ ದಾಖಲಾಗಬೇಕು, ಯಾಕೆಂದರೆ ಸೋರುವ ಕಟ್ಟ ಫೋಟೋದಲ್ಲಿ ಚೆನ್ನಾಗಿಯೇ ಕಾಣುತ್ತದೆ!

ಅಳತೆ ಹೇಗೆ

ಕಟ್ಟಗಳ ಅಕ್ಕಪಕ್ಕದ 36 ಬಾವಿಗಳ ಜತೆಗೆ, ಕಟ್ಟ ಹಾಕದ ಪಕ್ಕದ ತೋಡಿನ 12 ಬಾವಿಗಳನ್ನೂ ಅಳೆಯುತ್ತೇವೆ. ಇದು ಸುಮ್ನೆ ಕೆಲಸ ಹೆಚ್ಚಿಸಲಿಕ್ಕಲ್ಲ. ಮಳೆ ಜಾಸ್ತಿಯಾದ ವರ್ಷ ಎಲ್ಲಾ ಬಾವಿಗಳಲ್ಲೂ ನೀರು ಏರುತ್ತದೆ. ಅದನ್ನು ಕಟ್ಟದ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ ಅಲ್ವಾ? ಕಟ್ಟದ ಬಳಿ 80 ಸೆ.ಮೀ. ಏರಿ, ಪಕ್ಕದ ತೋಡಿನಲ್ಲಿ ಸರಾಸರಿ 30 ಏರಿದ್ದರೆ ನಾವು ಹೇಳಿಕೊಳ್ಳುವುದು 50 ಮಾತ್ರ. ಹೋಲಿಕೆಗೆ ಬೇಕಾದ ಮೊದಲ ಅಳತೆ, ಕಟ್ಟ ಹಾಕುವ ಮೊದಲಿನ ಬೇಸಿಗೆಯದು, ಅಂದರೆ 2026ರ ಮಾರ್ಚ್‌ನಿಂದ ಮೇವರೆಗಿನದು.

ಆ ಬೇಸಿಗೆಯ ನಂತರ ಡಿಸೆಂಬರ್‌ನಿಂದ ಮೇವರೆಗೆ ತಿಂಗಳ 1 ಮತ್ತು 15ರಂದು ಅಳತೆ. ಬೆಳಿಗ್ಗೆ ಪಂಪು ಹಾಕುವ ಮೊದಲೇ ಅಳೆಯಬೇಕು. ನೀರೆತ್ತಿದ ಮೇಲಿನ ಅಳತೆಗೆ ಬೆಲೆಯಿಲ್ಲ. ಬಾವಿಕಟ್ಟೆಯಲ್ಲಿ ಬಣ್ಣದ ಗುರುತು ಹಾಕಿ, ಅಲ್ಲಿಂದಲೇ ಟೇಪು ಇಳಿಸುತ್ತೇವೆ. ಅಳೆಯುವವರು ನೆರೆಮನೆಯವರೇ, ಇಬ್ಬಿಬ್ಬರು. ಹೆಚ್ಚಿನವರು ಕೇರಳದ ಮಹಿಳಾ ಸ್ವಸಹಾಯ ಸಂಘಟನೆಯಾದ ಕುಟುಂಬಶ್ರೀಯ ಸದಸ್ಯೆಯರು. ತಿಂಗಳಿಗೊಮ್ಮೆ ನಮ್ಮ ಕ್ಷೇತ್ರ ಸಂಯೋಜಕರು ಮೊದಲೇ ಹೇಳದೆ ಐದು ಬಾವಿಗಳನ್ನು ಮತ್ತೆ ಅಳೆದು ನೋಡುತ್ತಾರೆ. 5 ಸೆ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಬಾವಿಯ ಅಳತೆ ಇಬ್ಬರ ಎದುರೇ ಮತ್ತೊಮ್ಮೆ ಆಗುತ್ತದೆ.

ಸುರಂಗಕ್ಕೆ ಟೇಪು ಬೇಡ. ಬಾಯಿಯಲ್ಲಿ 10 ಲೀಟರ್ ಬಕೆಟ್ ಇಟ್ಟು, ತುಂಬಲು ಎಷ್ಟು ಸೆಕೆಂಡು ಎಂದು ಹೂಳು ತೆಗೆಯುವ ಮೊದಲೂ ನಂತರವೂ ನೋಡಿದರಾಯಿತು.

ಪುಸ್ತಕ ಕನ್ನಡದಲ್ಲಿರುತ್ತದೆ, ಬರೆಯುವವರ ಭಾಷೆ ಅದೇ. ಪಂಚಾಯತಿಗೆ ಕೊಡುವ ಸಾರಾಂಶ ಮಲೆಯಾಳಂನಲ್ಲೂ ಇರುತ್ತದೆ. ಜೂನ್‌ನ ಸಭೆಯಲ್ಲಿ ಬಾವಿವಾರು ಅಂಕಿಗಳನ್ನು ಓದಿ ಹೇಳುತ್ತೇವೆ. ತಮ್ಮ ಬಾವಿಯ ಅಂಕಿ ತಪ್ಪಿದ್ದರೆ ಮನೆಯವರು ಅಲ್ಲೇ ಹೇಳಬಹುದು.

ಅಂಕಿ ಚೆನ್ನಾಗಿಲ್ಲದಿದ್ದರೆ

2027ರ ಬೇಸಿಗೆಯ ನಂತರ ಯಾವುದೇ ಕಟ್ಟದ ಬಳಿ ಸರಾಸರಿ ಏರಿಕೆ 20 ಸೆ.ಮೀ.ಗಿಂತ ಕಡಿಮೆಯಿದ್ದರೆ, ಆ ಕಟ್ಟವನ್ನು ಅದೇ ಜಾಗದಲ್ಲಿ ಮತ್ತೆ ಹಾಕುವುದಿಲ್ಲ. ಜಾಗ ಬದಲಿಸುತ್ತೇವೆ, ಇಲ್ಲವೇ ಆ ಹಣವನ್ನು ಸುರಂಗಕ್ಕೆ ತಿರುಗಿಸುತ್ತೇವೆ. ಇದಕ್ಕಾಗಿ ಬಜೆಟ್‌ನಲ್ಲಿ ₹60,000 ಬೇರೆಯೇ ಇಟ್ಟಿದ್ದೇವೆ. ಈ ಬದಲಾವಣೆಗೆ ದಾನಿ ಸಂಸ್ಥೆಯ ಒಪ್ಪಿಗೆ 2027ರ ಸೆಪ್ಟೆಂಬರ್ 30ರೊಳಗೆ ಬೇಕು. ಅದಕ್ಕಿಂತ ತಡವಾದರೆ ಡಿಸೆಂಬರ್‌ನ ಕೆಲಸಕ್ಕೆ ಆಳು, ಸಾಮಗ್ರಿ ಹೊಂದಿಸಲು ಆಗುವುದಿಲ್ಲ.